ಚಟ್ನಿಪುಡಿ ಒಂದೇ, ಹೇಳೋ ಭಾಷೆ ಎರಡು

ಫೋಟೊ ಚೆನ್ನಾಗಿಯೇ ಬಂದಿರುತ್ತೆ. ಕಿಟಕಿಯ ಬೆಳಕು, ಸ್ಟೀಲ್ ಬಟ್ಟಲಿನಲ್ಲಿ ಘಮ್ಮೆನ್ನುವ ಚಟ್ನಿಪುಡಿ, ಪಕ್ಕದಲ್ಲಿ ನಾಲ್ಕು ಬ್ಯಾಡಗಿ ಮೆಣಸಿನಕಾಯಿ. ಇನ್ನೇನು ಇನ್‌ಸ್ಟಾಗ್ರಾಂಗೆ ಹಾಕಬೇಕು ಅನ್ನುವಾಗ ಬೆರಳು ನಿಂತುಬಿಡುತ್ತೆ. ಕೆಳಗೆ ಏನು ಬರೆಯೋದು? ಕನ್ನಡದಲ್ಲಿ ಬರೆದರೆ ಮೂರನೇ ಮಹಡಿಯ ಬಂಗಾಳಿ ಹುಡುಗಿಗೆ ಗೊತ್ತಾಗಲ್ಲ. ಇಂಗ್ಲಿಷಿನಲ್ಲಿ ಬರೆದರೆ ರಾಜಾಜಿನಗರದ ಅತ್ತಿಗೆಯ ಬಳಗ "ಇದೇನೋ ಸೂಪರ್‌ಮಾರ್ಕೆಟ್ ಮಾಲು" ಅಂದುಕೊಂಡು ಮುಂದೆ ಹೋಗುತ್ತೆ. ಸರಿ, ಎರಡರಲ್ಲೂ ಬರೆಯೋಣ ಅಂತ ಕೂತರೆ ಅದು ಮದುವೆ ಪತ್ರಿಕೆಯಷ್ಟು ಉದ್ದವಾಗುತ್ತೆ, ಕೊನೆಗೆ ಯಾರೂ ಓದಲ್ಲ.

ಮನೆಯಿಂದಲೇ ಪುಡಿ, ಹಪ್ಪಳ, ಉಪ್ಪಿನಕಾಯಿ ಮಾರುವ ಗೆಳತಿಯರೆಲ್ಲ ಕೇಳುವ ಪ್ರಶ್ನೆಯಿದು. ಹಾಗಾಗಿ ಈ ವಾರ ಒಂದೇ ಒಂದು ಪ್ಯಾಕೆಟ್ ಚಟ್ನಿಪುಡಿಯನ್ನು ಮುಂದಿಟ್ಟುಕೊಂಡು, ಅದರ ಕೆಳಗಿನ ಬರಹವನ್ನು ಮೊದಲಿಂದ ಕೊನೆಯವರೆಗೆ ನಾವೇ ಬರೆದು ನೋಡೋಣ. ಹುಚ್ಚೆಳ್ಳು ಚಟ್ನಿಪುಡಿ ಅಂತಲೇ ಇಟ್ಟುಕೊಳ್ಳಿ. ಕಾಲು ಕಿಲೋ ಪ್ಯಾಕೆಟ್, ಬೆಲೆ 120 ರೂಪಾಯಿ.

ಗಲಾಟೆ ಎಲ್ಲಿಂದ ಬರುತ್ತೆ?

ನಾವು ಸಾಮಾನ್ಯವಾಗಿ ಬರೆಯೋದು ಹೀಗಿರುತ್ತೆ:

```
🌶️✨ನಮ್ಮಲ್ಲಿ ಶುದ್ಧ ಹಾಗೂ ರುಚಿಕರವಾದ ಹುಚ್ಚೆಳ್ಳು ಚಟ್ನಿಪುಡಿ ಲಭ್ಯವಿದೆ / Pure and tasty Huchellu Chutney Powder available with us✨🌶️
ತೂಕ / Weight: 250 ಗ್ರಾಂ / 250 gms
ಬೆಲೆ / Price: ರೂ. 120 / Rs. 120 only
ಇಂದೇ ಆರ್ಡರ್ ಮಾಡಿ / Order today!!
```

ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಕಣ್ಣಿಗೆ ನೆಮ್ಮದಿಯೂ ಇಲ್ಲ. ಯಾಕೆ ಅಂತ ಸ್ವಲ್ಪ ಗಮನಿಸಿ. ಕನ್ನಡ ಓದುವವರ ಕಣ್ಣು ನಾಲ್ಕು ಪದ ಓದಿ ಒಂದು ಗೆರೆಗೆ ಡಿಕ್ಕಿ ಹೊಡೆಯುತ್ತೆ, ಆಮೇಲೆ ತನಗೆ ಬೇಡದ ಅರ್ಧ ಸಾಲನ್ನು ದಾಟಿ ಮುಂದಿನ ಕನ್ನಡ ಎಲ್ಲಿದೆ ಅಂತ ಹುಡುಕಬೇಕು. ಇಂಗ್ಲಿಷ್ ಓದುವವರದ್ದೂ ಅದೇ ಪಾಡು. ಸಾಲಿಗೊಂದು ಸಲ ಭಾಷೆ ಬದಲಾದರೆ ಓದುವವರಿಗೆ ಸಾಲಿಗೊಂದು ಸಲ ಹುಡುಕಾಟ. ಎರಡು ಭಾಷೆ ಇರೋದೇ ಗೊಂದಲ ಅಂತ ನಮಗನ್ನಿಸುತ್ತೆ. ನಿಜವಾದ ಗೊಂದಲ ಅವೆರಡನ್ನೂ ಪಲ್ಯ ಕಲಸಿದ ಹಾಗೆ ಕಲಸಿರುವುದರಲ್ಲಿದೆ.

ಇನ್ನೊಂದು, 250 ಅನ್ನೋದು ಎರಡು ಸಲ, 120 ಅನ್ನೋದು ಎರಡು ಸಲ. ಅಂಕಿಗೆ ಭಾಷೆ ಇಲ್ಲ ಕಣ್ರೀ. 250 g ಅಂತ ಪ್ಯಾಕೆಟ್ಟಿನ ಮೇಲೆ ನೋಡಿ ನೋಡಿ ಅಭ್ಯಾಸವಾಗಿರುವುದರಿಂದ ಇಂಗ್ಲಿಷ್ ಬಾರದ ಅಜ್ಜಿಗೂ ಅದು ತಿಳಿಯುತ್ತೆ. ₹ ಚಿಹ್ನೆಯೂ ಅಷ್ಟೆ. ಹಾಗಾಗಿ ತೂಕ, ಬೆಲೆ, ಫೋನ್ ನಂಬರ್ ಮೂರೂ ಒಂದೇ ಸಲ, ಕೊನೆಯಲ್ಲಿ, ಇಬ್ಬರಿಗೂ ಸೇರಿ ಒಂದೇ ಸಾಲಿನಲ್ಲಿ ಬಂದರೆ ಸಾಕು. ಇಷ್ಟು ಮಾಡಿದರೇ ಅರ್ಧ ಗಲಾಟೆ ತಗ್ಗುತ್ತೆ.

ಮೊದಲ ಸಾಲಿಗೆ ಇಬ್ಬರೂ ಬರಲಿ

ಇನ್‌ಸ್ಟಾಗ್ರಾಂನಲ್ಲಿ ಫೋಟೊದ ಕೆಳಗೆ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತೆ, ಉಳಿದದ್ದು ಮಡಚಿಕೊಂಡಿರುತ್ತೆ. ಯಾರಾದರೂ ಒತ್ತಿದರೆ ಮಾತ್ರ ತೆರೆದುಕೊಳ್ಳುತ್ತೆ. ಮೊದಲ ಎರಡು ಸಾಲೂ ಕನ್ನಡದಲ್ಲೇ ತುಂಬಿದ್ದರೆ ಕನ್ನಡ ಬಾರದವರು ಒತ್ತುವುದೇ ಇಲ್ಲ, ಒಳಗೆ ಇಂಗ್ಲಿಷ್ ಇದೆ ಅನ್ನೋದು ಅವರಿಗೆ ಗೊತ್ತಾಗೋದಾದರೂ ಹೇಗೆ?

ಅದಕ್ಕೆ ಮೊದಲ ಸಾಲಿನಲ್ಲಿ ವಸ್ತುವಿನ ಹೆಸರು ಮಾತ್ರ, ಎರಡೂ ಲಿಪಿಯಲ್ಲಿ, ನಡುವೆ ಒಂದು ಪುಟ್ಟ ಚುಕ್ಕಿ. ಇಡೀ ಬರಹದಲ್ಲಿ ಎರಡೂ ಭಾಷೆ ಒಂದೇ ಸಾಲಿನಲ್ಲಿ ಕೂರುವುದು ಇಲ್ಲಿ ಮಾತ್ರ. "ನಮ್ಮಲ್ಲಿ", "ಶುದ್ಧ", "ಲಭ್ಯವಿದೆ" ಇವೆಲ್ಲ ಬೇಡವೇ ಬೇಡ. ಫೋಟೊ ಹಾಕಿದ್ದೀರಿ ಅಂದಮೇಲೆ ನಿಮ್ಮಲ್ಲಿ ಇದೆ ಅಂತ ತಾನೇ ಅರ್ಥ?

ಇಲ್ಲೊಂದು ವಿಚಿತ್ರ ಹೇಳ್ತೀನಿ. ಹುಚ್ಚೆಳ್ಳು ಅನ್ನುವ ಪದದಲ್ಲಿ ನಮ್ಮ ಲೆಕ್ಕಕ್ಕೆ ಮೂರೇ ಅಕ್ಷರ: ಹು, ಚ್ಚೆ, ಳ್ಳು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಹತ್ತು! ಹ ಒಂದು, ಅದರ ಕೊಂಬು ಇನ್ನೊಂದು, ಚ ಒಂದು, ಅದನ್ನು ಅರ್ಧ ಮಾಡುವ ಗುರುತು ಇನ್ನೊಂದು, ಹೀಗೆ ಒತ್ತು, ಗುಣಿತ ಎಲ್ಲವನ್ನೂ ಅದು ಬಿಡಿಬಿಡಿಯಾಗಿ ಎಣಿಸುತ್ತೆ. ಹಾಗಾಗಿ ಇಂಗ್ಲಿಷ್ ಬರಹಕ್ಕೆ ಹೇಳಿದ ಅಕ್ಷರ ಮಿತಿಯನ್ನು ನಂಬಿಕೊಂಡು ಕನ್ನಡ ಬರೆದರೆ ಜಾಗ ಬೇಗ ಮುಗಿದುಹೋಗುತ್ತೆ. ಇನ್‌ಸ್ಟಾಗ್ರಾಂನ ಒಟ್ಟು ಮಿತಿ 2200 ಅಕ್ಷರ, ನಮ್ಮ ಚಟ್ನಿಪುಡಿಗೆ ಅಷ್ಟೇನೂ ಬೇಕಿಲ್ಲ ಬಿಡಿ. ಆದರೆ ಮಡಚದೆ ಕಾಣುವ ಆ ಮೊದಲ ಸಾಲು ಚಿಕ್ಕದಾಗಿರಲೇಬೇಕು ಅನ್ನೋದಕ್ಕೆ ಇದೂ ಒಂದು ಕಾರಣ.

ಅದನ್ನೇ ಎರಡು ಸಲ ಹೇಳಬೇಡಿ

ಹೆಸರು ಆಯಿತು. ಇನ್ನು ಕೆಳಗೆ ಮೊದಲು ಒಂದು ಭಾಷೆಯ ನಾಲ್ಕು ಮಾತು, ಒಂದು ಖಾಲಿ ಸಾಲು, ಆಮೇಲೆ ಇನ್ನೊಂದು ಭಾಷೆಯ ನಾಲ್ಕು ಮಾತು. ಯಾವುದು ಮೊದಲು? ನಿಮ್ಮ ಹತ್ತಿರ ಹೆಚ್ಚು ಕೊಳ್ಳುವವರು ಯಾರೋ ಅವರದ್ದು. ಕಳೆದ ಇಪ್ಪತ್ತು ಆರ್ಡರ್‌ಗಳ ಮೆಸೇಜ್ ತೆಗೆದು ನೋಡಿ, ಯಾವ ಭಾಷೆಯಲ್ಲಿ ಬಂದಿವೆ ಅಂತ ಎಣಿಸಿ, ತಿಳಿದುಬಿಡುತ್ತೆ. ಒಂದು ಸಲ ಕ್ರಮ ತೀರ್ಮಾನವಾದ ಮೇಲೆ ಪ್ರತಿ ಪೋಸ್ಟ್‌ನಲ್ಲೂ ಅದೇ ಇರಲಿ. ಕೆಳಗಡೆ ಇಂಗ್ಲಿಷ್ ಇರುತ್ತೆ ಅಂತ ಒಮ್ಮೆ ಅಭ್ಯಾಸವಾದರೆ ಆ ಹುಡುಗಿ ನೇರ ಅಲ್ಲಿಗೇ ಇಳಿಯುತ್ತಾಳೆ. ನೀವು ಒಂದು ದಿನ ಮೇಲೆ, ಒಂದು ದಿನ ಕೆಳಗೆ ಬರೆದರೆ ಪಾಪ ಅವಳೇನು ಮಾಡಬೇಕು?

ಖಾಲಿ ಸಾಲು ಅಂದೆನಲ್ಲ, ಹಿಂದೆ ಇನ್‌ಸ್ಟಾಗ್ರಾಂ ಅದನ್ನು ನುಂಗಿಬಿಡುತ್ತಿತ್ತು. ಅದಕ್ಕಾಗಿ ಒಂದರ ಕೆಳಗೆ ಒಂದು ಚುಕ್ಕಿ ಇಡುವ ರೂಢಿ ಶುರುವಾಯಿತು. ಈಗ ಎಂಟರ್ ಎರಡು ಸಲ ಒತ್ತಿದರೆ ಸಾಕು, ಚುಕ್ಕಿಗಳ ಸಾಲೂ ಬೇಡ, ಹೂವಿನ ಚಿತ್ರಗಳ ತೋರಣವೂ ಬೇಡ.

ಈಗ ಮುಖ್ಯವಾದ ಮಾತು. ಕೆಳಗಿನ ಇಂಗ್ಲಿಷ್ ಮೇಲಿನ ಕನ್ನಡದ ಅನುವಾದ ಆಗಬೇಕಿಲ್ಲ. ಯೋಚಿಸಿ ನೋಡಿ, ಕನ್ನಡದವರಿಗೆ ಹುಚ್ಚೆಳ್ಳು ಪುಡಿ ಅಂದರೆ ಏನು ಅಂತ ವಿವರಿಸಬೇಕಾ? ಬೇಡ. ಅವರಿಗೆ ಬೇಕಾದದ್ದು ನೆನಪು: ಬಿಸಿ ಅನ್ನ, ಒಂದು ಚಮಚ ತುಪ್ಪ, ರೊಟ್ಟಿ ಜೊತೆ ಗಟ್ಟಿ ಮೊಸರು. ಬೆಳ್ಳುಳ್ಳಿ ಹಾಕಿದ್ದೀರಾ ಇಲ್ವಾ, ಅದು ಬೇಕು. ಬೆಳ್ಳುಳ್ಳಿ ತಿನ್ನದ ಮನೆಗಳು ಎಷ್ಟೋ ಇವೆಯಲ್ಲ, ಅವರು ಮೊದಲು ಕೇಳುವುದೇ ಅದನ್ನ. ಹೊರಗಿನವರಿಗೆ ಬೇಕಾದದ್ದು ಬೇರೆ: ಇದು ಏನು, ಯಾವ ಕಾಳಿನದ್ದು, ಖಾರ ಎಷ್ಟು, ಯಾವುದರ ಜೊತೆ ತಿನ್ನಬೇಕು. ಅವರ ಪಾಲಿನ ನಾಲ್ಕು ಮಾತು ಅದಕ್ಕೇ ಮೀಸಲಾಗಲಿ. ಎರಡೂ ಭಾಷೆ ಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನ. ಅವರು ಎರಡನ್ನೂ ಓದಿದರೂ ಒಂದೇ ಮಾತನ್ನು ಎರಡು ಸಲ ಕೇಳಿದ ಬೇಸರ ಆಗಲ್ಲ.

ಪದಕ್ಕೆ ಪದ ಇಟ್ಟು ಅನುವಾದ ಮಾಡಿದರೆ ಇನ್ನೊಂದು ಅಪಾಯವೂ ಇದೆ. ಹುಚ್ಚೆಳ್ಳನ್ನು ಬಿಡಿಸಿದರೆ ಹುಚ್ಚು ಮತ್ತು ಎಳ್ಳು. ಅದನ್ನೇ ಇಂಗ್ಲಿಷಿಗೆ ತಿರುಗಿಸಿ "ಮ್ಯಾಡ್ ಸೆಸಮಿ" ಅಂತ ಬರೆದರೆ ಯಾರು ಕೊಳ್ಳುತ್ತಾರೆ ಹೇಳಿ! ಎಳ್ಳು ಅಂತಷ್ಟೇ ಬರೆದರೆ ಅದೂ ತಪ್ಪು, ಏಕೆಂದರೆ ಹುಚ್ಚೆಳ್ಳು ಎಳ್ಳಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ನೈಜರ್ ಸೀಡ್ ಅಂತ ಬೇರೆಯದೇ ಹೆಸರಿದೆ. ಅಗಸೆಗೆ ಫ್ಲ್ಯಾಕ್ಸ್ ಸೀಡ್. ಇಂಥ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಪ್ರತಿ ಸಲ ಹುಡುಕುವ ಕೆಲಸ ತಪ್ಪುತ್ತೆ.

ನಮ್ಮಲ್ಲೇ ಒಂದೊಂದು ಊರಿಗೆ ಒಂದೊಂದು ಹೆಸರು ಬೇರೆ. ಮೈಸೂರು ಕಡೆ ಹುಚ್ಚೆಳ್ಳು, ಹುಬ್ಬಳ್ಳಿ ಧಾರವಾಡ ಕಡೆ ಗುರೆಳ್ಳು. ಇಲ್ಲಿ ಕಡಲೆಕಾಯಿ ಅಂದರೆ ಅಲ್ಲಿ ಶೇಂಗಾ. ಎರಡನ್ನೂ ಹೆಸರಿನ ಸಾಲಿಗೆ ತುರುಕಿದರೆ ಮತ್ತೆ ಗಿಜಿಗಿಜಿ. ಮೊದಲ ಸಾಲಿನಲ್ಲಿ ನಿಮ್ಮ ಬಾಯಲ್ಲಿ ಬರುವ ಹೆಸರಿರಲಿ, ಇನ್ನೊಂದನ್ನು ಕನ್ನಡದ ಮಾತಿನ ನಡುವೆ "ಧಾರವಾಡದವರ ಗುರೆಳ್ಳು" ಅಂತ ಸಹಜವಾಗಿ ಸೇರಿಸಿಬಿಡಿ.

"ಪೌಡರ್" ಬೇಡ, "ಪುಡಿ" ಇರಲಿ

ಇಂಗ್ಲಿಷ್ ಭಾಗದಲ್ಲಿ ಚಟ್ನಿಪುಡಿಗೆ "ಚಟ್ನಿ ಪೌಡರ್" ಅನ್ನಬೇಕಾ? ನನ್ನ ಅಭಿಪ್ರಾಯ ಕೇಳಿದರೆ ಬೇಡ. ಬೆಂಗಳೂರಿನಲ್ಲಿ ಎರಡು ವರ್ಷ ಇದ್ದವರೆಲ್ಲ ಪುಡಿ ಅಂದರೇನು ಅಂತ ಕಲಿತಿರುತ್ತಾರೆ. ಅದೂ ಅಲ್ಲದೆ ಕನ್ನಡದ ಎಷ್ಟೋ ಜನ ಫೋನಿನಲ್ಲಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುತ್ತಾರೆ, ಹುಡುಕುವಾಗಲೂ ಹಾಗೇ. ಅವರು ಒತ್ತುವುದು `chutney pudi` ಅಂತ. ಆ ಹೆಸರು ನಿಮ್ಮ ಬರಹದಲ್ಲಿ ಇದ್ದರೆ ಕಣ್ಣಿಗೆ ಬೀಳುತ್ತೀರಿ. ಹೀಗಾಗಿ ಇಂಗ್ಲಿಷ್ ಅಕ್ಷರದಲ್ಲಿರುವ ಹೆಸರು ಕನ್ನಡ ಬಾರದವರಿಗಷ್ಟೇ ಅಲ್ಲ, ಕನ್ನಡದವರಿಗೂ ಕೆಲಸಕ್ಕೆ ಬರುತ್ತೆ. ಹೆಸರು ನಮ್ಮದು, ವಿವರಣೆ ಇಂಗ್ಲಿಷಿನದು, ಇಷ್ಟು ನೆನಪಿಟ್ಟುಕೊಳ್ಳಿ.

ಸ್ಪೆಲ್ಲಿಂಗ್ ಮಾತ್ರ ಒಂದೇ ಇರಲಿ. ಒಮ್ಮೆ `huchellu`, ಇನ್ನೊಮ್ಮೆ `hucchellu`, ಮತ್ತೊಮ್ಮೆ `uchellu` ಅಂತ ಬರೆದರೆ ಹಳೆಯ ಗಿರಾಕಿ ಹುಡುಕುವಾಗ ಅರ್ಧ ಪೋಸ್ಟ್‌ಗಳು ಸಿಗುವುದೇ ಇಲ್ಲ. ಪ್ಯಾಕೆಟ್ಟಿನ ಚೀಟಿಯ ಮೇಲೆ ಹೇಗಿದೆಯೋ ಹಾಗೇ ಎಲ್ಲೆಡೆ ಇರಬೇಕು.

ಇನ್ನು ಕನ್ನಡ ಭಾಗ. ಅಲ್ಲಿ ಸರ್ಕಾರಿ ಸುತ್ತೋಲೆಯ ಭಾಷೆ ಯಾಕೆ ಬೇಕು ಹೇಳಿ? "ಗ್ರಾಹಕರು ಖರೀದಿಸಲು ಸಂಪರ್ಕಿಸಬಹುದು" ಅನ್ನುವ ಬದಲು "ಬೇಕಾದವರು ವಾಟ್ಸಾಪ್ ಮಾಡಿ" ಅನ್ನಿ. ಆರ್ಡರ್, ಪ್ಯಾಕೆಟ್, ಡೆಲಿವರಿ, ಕೊರಿಯರ್ ಇವೆಲ್ಲ ನಮ್ಮ ಮಾತಿಗೆ ಬಂದು ಎಷ್ಟೋ ಕಾಲವಾಯಿತು, ಕನ್ನಡ ಲಿಪಿಯಲ್ಲೇ ಬರೆಯಿರಿ, ಸಂಕೋಚ ಬೇಡ. ಕನ್ನಡ ವಾಕ್ಯದ ನಡುವೆ ಇಂಗ್ಲಿಷ್ ಅಕ್ಷರ ನುಗ್ಗಿಸಿದರೆ ಮಾತ್ರ ಮತ್ತೆ ಕಣ್ಣು ಎಡವುತ್ತೆ.

ಎರಡು ಸಲ ಹೇಳಲೇಬೇಕಾದದ್ದು

ಅದನ್ನೇ ಎರಡು ಸಲ ಹೇಳಬೇಡಿ ಅಂದೆ. ಅದಕ್ಕೂ ಅಪವಾದ ಇದೆ, ಅದರಲ್ಲಿ ಮಾತ್ರ ಯಾವ ಕಾರಣಕ್ಕೂ ಜಾಗ ಉಳಿಸಲು ಹೋಗಬೇಡಿ.

ಮೊದಲನೆಯದು ಶೇಂಗಾ. ಹುಚ್ಚೆಳ್ಳು ಪುಡಿಗೆ ಕೆಲವರು ಒಂದು ಹಿಡಿ ಕಡಲೆಕಾಯಿ ಬೀಜ ಹುರಿದು ಹಾಕುತ್ತಾರೆ, ನಮಗದು ದೊಡ್ಡ ವಿಷಯ ಅನ್ನಿಸುವುದೇ ಇಲ್ಲ. ಆದರೆ ಶೇಂಗಾ ಒಗ್ಗದ ಮಕ್ಕಳಿರುತ್ತಾರೆ. ಒಂದು ಚಿಟಿಕೆ ತಿಂದರೂ ತುಟಿ, ಗಂಟಲು ಊದಿಕೊಂಡು ಉಸಿರಿಗೇ ತೊಂದರೆಯಾಗಿ ಆಸ್ಪತ್ರೆಗೆ ಓಡಬೇಕಾಗಬಹುದು. ಪುಡಿಯಾದ ಮೇಲೆ ಅದರಲ್ಲಿ ಶೇಂಗಾ ಇದೆಯೋ ಇಲ್ಲವೋ ನೋಡಿದರೆ ಗೊತ್ತಾಗುವುದಿಲ್ಲವಲ್ಲ! ಕನ್ನಡದಲ್ಲಿ ಮಾತ್ರ "ಶೇಂಗಾ ಇದೆ" ಅಂತ ಬರೆದು, ಇಂಗ್ಲಿಷಿನಲ್ಲಿ ಬರೀ ರುಚಿಯ ಬಣ್ಣನೆ ಮಾಡಿದರೆ ಆ ಎರಡನೇ ಓದುಗರಿಗೆ ವಿಷಯ ತಿಳಿಯುವುದೇ ಇಲ್ಲ. ಆದ್ದರಿಂದ ಒಗ್ಗದೇ ಇರಬಹುದಾದ ಪದಾರ್ಥ ಎರಡೂ ಭಾಗದಲ್ಲಿ, ಬಿಡಿಯಾಗಿ ಕಾಣುವ ಒಂದು ಪುಟ್ಟ ವಾಕ್ಯದಲ್ಲಿ ಬರಲಿ. ಶೇಂಗಾ ಹುರಿದ ಬಾಣಲೆಯಲ್ಲೇ, ಪುಡಿ ಮಾಡಿದ ಮಿಕ್ಸಿಯಲ್ಲೇ ಇದನ್ನೂ ಮಾಡಿದ್ದರೆ ಅದನ್ನೂ ಹೇಳಿ.

ಮಾತು ಬಂತು ಅಂತ ಹೇಳ್ತೀನಿ, ಪ್ಯಾಕೆಟ್ಟಿನ ಚೀಟಿಯ ನಿಯಮವೇ ಬೇರೆ. ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮಗಳ ಪ್ರಕಾರ ಚೀಟಿಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು, ಜೊತೆಗೆ ಕನ್ನಡವೂ ಇರಬಹುದು. ಬರೀ ಕನ್ನಡದ ಚೀಟಿ ಸಾಲುವುದಿಲ್ಲ. ಶೇಂಗಾ ಇದ್ದರೆ ಅದನ್ನು ಅಲ್ಲಿ ಕಡ್ಡಾಯವಾಗಿ ನಮೂದಿಸಬೇಕು. ಹಾಗಂತ ಚೀಟಿಯಲ್ಲಿರುವ ಎಲ್ಲವನ್ನೂ ಫೋಟೊದ ಕೆಳಗೆ ಮತ್ತೆ ಬರೆಯುತ್ತಾ ಕೂರಬೇಡಿ. ಚೀಟಿಯದ್ದೇ ಒಂದು ಸ್ಪಷ್ಟ ಫೋಟೊ ತೆಗೆದು ಎರಡನೇ ಚಿತ್ರವಾಗಿ ಸೇರಿಸಿದರೆ ಪೂರ್ತಿ ವಿವರ ಬೇಕಾದವರು ಪಕ್ಕಕ್ಕೆ ಸರಿಸಿ ನೋಡಿಕೊಳ್ಳುತ್ತಾರೆ.

ಎರಡನೆಯದು ಕೊನೆಯ ದಿನ. ಆರ್ಡರ್ ಯಾವಾಗಿನ ತನಕ, ಡೆಲಿವರಿ ಯಾವಾಗ, ಇದೂ ಎರಡೂ ಭಾಗದಲ್ಲಿ ಬೇಕು. "ನಾಳೆ", "ಈ ಭಾನುವಾರ" ಅಂತ ಬರೆಯಬೇಡಿ. ನೀವು ಬುಧವಾರ ಹಾಕಿದ್ದು ಎಷ್ಟೋ ಜನರ ಕಣ್ಣಿಗೆ ಬೀಳುವುದು ಶನಿವಾರ, ಅವರ ನಾಳೆಯೇ ಬೇರೆ. ತಾರೀಕು ಬರೆಯಿರಿ. ಅದನ್ನೂ 10/5 ಅಂತ ಬರೆಯದೆ ತಿಂಗಳ ಹೆಸರಿನ ಜೊತೆ ಬರೆಯಿರಿ. ಅಮೆರಿಕದಲ್ಲಿರುವ ನಾದಿನಿ ಊರಿನಲ್ಲಿರುವ ಅಮ್ಮನಿಗೆ ತಲುಪಿಸಿ ಅಂತ ಆರ್ಡರ್ ಕೊಡುವುದು ಈಗ ಮಾಮೂಲು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಅವಳ ಕಣ್ಣಿಗೆ 10/5 ಅಂದರೆ ಅಕ್ಟೋಬರ್ 5!

ಈಗ ಪೂರ್ತಿ ಬರೆಯೋಣ

ಇಷ್ಟನ್ನೂ ಸೇರಿಸಿದರೆ ನಮ್ಮ ಚಟ್ನಿಪುಡಿಯ ಬರಹ ಹೀಗಾಗುತ್ತೆ:

```
ಹುಚ್ಚೆಳ್ಳು ಚಟ್ನಿಪುಡಿ · Huchellu chutney pudi

ಬಿಸಿ ಅನ್ನ, ಒಂದು ಚಮಚ ತುಪ್ಪ, ಮೇಲೆ ಈ ಪುಡಿ. ಧಾರವಾಡದವರ ಗುರೆಳ್ಳು ಇದೇ. ಬೆಳ್ಳುಳ್ಳಿ ಹಾಕಿದ್ದೇವೆ. ಶೇಂಗಾ ಇದೆ. ಮೇ 8ರೊಳಗೆ ಹೇಳಿದರೆ ಮೇ 10ಕ್ಕೆ ಮನೆಗೆ.

Roasted niger seed with garlic and red chilli, medium hot. Sprinkle on rice, dosa or curd. Contains peanuts. Order by 8 May, delivery 10 May.

250 g · ₹120 · WhatsApp: ನಿಮ್ಮ ನಂಬರ್

#ಚಟ್ನಿಪುಡಿ #chutneypudi
```

ಮೊದಲಿನದಕ್ಕಿಂತ ಇದರಲ್ಲಿ ವಿಷಯ ಹೆಚ್ಚಿದೆ, ಆದರೂ ಹಗುರವಾಗಿ ಕಾಣುತ್ತೆ. ಕನ್ನಡದ ಓದುಗರು ಮೇಲಿನ ತುಂಡು ಓದಿ ಬೆಲೆಗೆ ಇಳಿಯುತ್ತಾರೆ. ಇನ್ನೊಬ್ಬರು ಒಂದು ಖಾಲಿ ಸಾಲು ದಾಟಿ ತಮ್ಮ ತುಂಡು ಹಿಡಿದು ಅದೇ ಬೆಲೆಗೆ ಇಳಿಯುತ್ತಾರೆ. ಒಂದು ಚಿತ್ರವೂ ಇಲ್ಲ ಅಂತ ಬೇಜಾರಾದರೆ ಮೆಣಸಿನಕಾಯಿ ಒಂದನ್ನು ಬೆಲೆಯ ಸಾಲಿನ ಮುಂದೆ ಇಡಿ, ನನ್ನದೇನೂ ತಕರಾರಿಲ್ಲ.

ಕೊನೆಯ ಆ ಹ್ಯಾಶ್‌ಟ್ಯಾಗ್‌ಗಳ ಬಗ್ಗೆ ಒಂದು ಮಾತು. ಮೂರ್ನಾಲ್ಕು ಸಾಕು, ಎರಡೂ ಲಿಪಿಯಲ್ಲಿ. ಹ್ಯಾಶ್‌ಟ್ಯಾಗ್ ನಡುವೆ ಜಾಗ ಬಿಟ್ಟರೆ ಅದು ಅಲ್ಲಿಗೇ ಮುಗಿದುಹೋಗುತ್ತೆ ಅನ್ನೋದು ನಿಮಗೆ ಗೊತ್ತು. ಕನ್ನಡದಲ್ಲಿ ಇನ್ನೊಂದು ಪೇಚಿದೆ. ಅರ್ಧಾಕ್ಷರದಲ್ಲಿ ಮುಗಿಯುವ ಪದಕ್ಕೆ ಮುಂದಿನ ಪದ ಅಂಟಿಸಿದರೆ ಎರಡೂ ಸೇರಿ ಒತ್ತಕ್ಷರ ಆಗಿಬಿಡುತ್ತೆ. ಮೈಸೂರ್ ಮತ್ತು ಪಾಕ್ ಸೇರಿಸಿ ನೋಡಿ, `#ಮೈಸೂರ್ಪಾಕ್` ಅಂತ ಗುರುತೇ ಸಿಗದ ಪದ ಬರುತ್ತೆ. ನಡುವೆ ಅಡಿಗೆರೆ ಹಾಕಿ `#ಮೈಸೂರ್_ಪಾಕ್` ಅಂದರೆ ಸರಿಹೋಗುತ್ತೆ. ಚಟ್ನಿಪುಡಿಗೆ ಈ ತಾಪತ್ರಯ ಇಲ್ಲ.

ಫೋಟೊದ ಮೇಲೆ ಬರೆಯುವುದಾದರೆ

ಫೋಟೊದ ಮೇಲೆ ಎರಡು ಭಾಷೆ, ಕೆಳಗೆ ಮತ್ತೆ ಎರಡು ಭಾಷೆ ಅಂದರೆ ಒಂದೇ ಮಾತು ನಾಲ್ಕು ಸಲ ಆಯಿತು. ಫೋಟೊದ ಮೇಲೆ ಹೆಸರು ಮಾತ್ರ ಇರಲಿ, ಅದೂ ಒಂದೇ ಭಾಷೆಯಲ್ಲಿ. ನಾನಾದರೆ ಅಲ್ಲಿ ಕನ್ನಡವನ್ನೇ ಇಡುತ್ತೇನೆ. ದುಂಡನೆಯ ನಮ್ಮ ಅಕ್ಷರ ಕನ್ನಡ ಓದಲು ಬಾರದವರಿಗೂ ಇದು ಈ ಊರಿನ ಅಡುಗೆಮನೆಯದ್ದು ಅಂತ ಹೇಳಿಬಿಡುತ್ತೆ, ಹೆಸರು ಏನು ಅಂತ ಕೆಳಗಿನ ಮೊದಲ ಸಾಲಿನಲ್ಲಿ ಇದ್ದೇ ಇದೆ.

ಕನ್ನಡ ಅಕ್ಷರಕ್ಕೆ ಕೆಳಗಡೆ ಒತ್ತಿಗೆ ಜಾಗ ಬೇಕು. ಇಂಗ್ಲಿಷಿಗೆ ಇಟ್ಟಷ್ಟೇ ಸಾಲಿನ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತೆ, ಎರಡು ಸಾಲೂ ಮುದ್ದೆಯಾಗಿ ಕಾಣುತ್ತೆ. ಸಾಲುಗಳ ನಡುವೆ ಸ್ವಲ್ಪ ಧಾರಾಳವಾಗಿ ಜಾಗ ಬಿಡಿ. ಆದರೆ ಇಂಗ್ಲಿಷ್ ದೊಡ್ಡಕ್ಷರಗಳನ್ನು ಅಂದಕ್ಕಾಗಿ ದೂರ ದೂರ ಸರಿಸುವ ಹಾಗೆ ಕನ್ನಡ ಅಕ್ಷರಗಳನ್ನು ಸರಿಸಬೇಡಿ, ಒಡೆದ ಬಳೆಯ ಹಾಗೆ ಕಾಣುತ್ತೆ. ಅಕ್ಷರ ಶೈಲಿ ಹುಡುಕುವವರಿಗೆ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಉಚಿತವಾಗಿ ಸಿಗುತ್ತವೆ. ಮೊದಲನೆಯದು ಸಾದಾ, ಎರಡನೆಯದು ದಪ್ಪಗೆ, ದುಂಡಗೆ, ತಿಂಡಿಯ ಹೆಸರಿಗೆ ಹೇಳಿ ಮಾಡಿಸಿದಂತಿದೆ.

ಕೆಲವು ಆ್ಯಪ್‌ಗಳಲ್ಲಿ ಕನ್ನಡ ಒಡೆಯುತ್ತೆ. ಒತ್ತು ಕೆಳಗೆ ಕೂರುವ ಬದಲು ಪಕ್ಕದಲ್ಲಿ ಬಂದು ನಿಲ್ಲುತ್ತೆ. ಪರೀಕ್ಷೆ ಮಾಡುವುದು ಸುಲಭ: "ಹುಚ್ಚೆಳ್ಳು" ಮತ್ತು "ಅರ್ಧ" ಎರಡೇ ಪದ ಬರೆದು ನೋಡಿ. ಮೊದಲನೆಯದರಲ್ಲಿ ಒತ್ತುಗಳು, ಎರಡನೆಯದರಲ್ಲಿ ಅರ್ಕಾವೊತ್ತು ಸರಿಯಾಗಿ ಕೂತರೆ ಆ ಆ್ಯಪ್ ನಂಬಬಹುದು. ಇನ್ನು ಹಳೆಯ ನುಡಿ ಅಕ್ಷರದಲ್ಲಿ ಯಾರೋ ಆಫೀಸಿನ ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಟ್ಟದ್ದನ್ನು ನೇರವಾಗಿ ಇಲ್ಲಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ಸಾಲು ಬರುತ್ತೆ. ಅದನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಇಲ್ಲವೇ ಫೋನಿನ ಕನ್ನಡ ಕೀಲಿಮಣೆಯಲ್ಲಿ ಹೊಸದಾಗಿ ಬರೆದುಬಿಡಿ. ನಾಲ್ಕು ಸಾಲಿಗೆ ಅದೇ ಬೇಗ.

ವಾಟ್ಸಾಪ್‌ಗೆ ಕಳಿಸುವಾಗ

ಇದೇ ಬರಹವನ್ನು ವಾಟ್ಸಾಪ್ ಗುಂಪಿಗೂ ಕಳಿಸಬಹುದು. ಅಲ್ಲಿ ಪದದ ಹಿಂದೆ ಮುಂದೆ ಒಂದೊಂದು ನಕ್ಷತ್ರ ಚಿಹ್ನೆ ಹಾಕಿದರೆ ಆ ಪದ ದಪ್ಪವಾಗುತ್ತೆ. ಮೊದಲ ಸಾಲಿನ ಹೆಸರಿಗಷ್ಟೇ ಹಾಗೆ ಮಾಡಿ, ಎಲ್ಲವೂ ದಪ್ಪವಾದರೆ ಯಾವುದೂ ಎದ್ದು ಕಾಣಲ್ಲ. ಅದನ್ನೇ ತಿರುಗಿ ಇನ್‌ಸ್ಟಾಗ್ರಾಂಗೆ ಅಂಟಿಸುವಾಗ ಮಾತ್ರ ನಕ್ಷತ್ರಗಳನ್ನು ಅಳಿಸಿ, ಅಲ್ಲಿ ಅವು ನಕ್ಷತ್ರಗಳಾಗಿಯೇ ಉಳಿಯುತ್ತವೆ. ವಾಟ್ಸಾಪ್‌ನಲ್ಲಿ ಹ್ಯಾಶ್‌ಟ್ಯಾಗ್ ಸಾಲಿನ ಅಗತ್ಯವಿಲ್ಲ. ಅಕ್ಕಪಕ್ಕದವರ ಗುಂಪಿನಲ್ಲಿ ಎಲ್ಲರೂ ಕನ್ನಡದವರೇ ಇದ್ದರೆ ಇಂಗ್ಲಿಷ್ ತುಂಡನ್ನೂ ತೆಗೆದುಬಿಡಿ. ಎರಡು ತುಂಡು ಬೇರೆ ಬೇರೆ ಇಟ್ಟಿದ್ದರ ಲಾಭ ಇದೇ, ಒಂದನ್ನು ಕಿತ್ತರೂ ಇನ್ನೊಂದು ಪೂರ್ತಿಯಾಗಿ ನಿಲ್ಲುತ್ತೆ.

ಹಾಕುವ ಮೊದಲು ಒಂದು ನಿಮಿಷದ ಕೆಲಸ ಇದೆ. ಬರಹವನ್ನು ಇಬ್ಬರಿಗೆ ತೋರಿಸಿ, ಒಬ್ಬರು ಇಂಗ್ಲಿಷ್ ಓದದ ಅಮ್ಮನೋ ಅತ್ತೆಯೋ, ಇನ್ನೊಬ್ಬರು ಕನ್ನಡ ಓದಲು ಬಾರದ ಪಕ್ಕದ ಮನೆಯವರು. ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳೋದು! ಇದು ಏನು, ಎಷ್ಟು ದುಡ್ಡು, ಇದರಲ್ಲಿ ಶೇಂಗಾ ಇದೆಯಾ, ಯಾವತ್ತಿನ ಒಳಗೆ ಹೇಳಬೇಕು ಅಂತ ಕೇಳಿ. ಇಬ್ಬರಲ್ಲಿ ಯಾರಾದರೂ ತಡವರಿಸಿದರೆ ಆ ತುಂಡಿನಲ್ಲಿ ಏನೋ ಬಿಟ್ಟುಹೋಗಿದೆ ಅಂತ ಲೆಕ್ಕ. ಹಾಕಿದ ಮೇಲೆ ತಪ್ಪು ಕಂಡರೂ ಗಾಬರಿ ಬೇಡ, ಇನ್‌ಸ್ಟಾಗ್ರಾಂ ಬರಹವನ್ನು ಆಮೇಲೂ ತಿದ್ದಬಹುದು. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ತಿದ್ದಲು ಸಿಗುವುದು 15 ನಿಮಿಷ ಮಾತ್ರ, ಹಾಗಾಗಿ ಮೊದಲು ಅದನ್ನೇ ನೋಡಿಕೊಳ್ಳಿ.